ಡಿಪ್ಲೊಮಾ ಮುಗಿದ ಮೇಲೆ ಮೂರು ಬಾಗಿಲು: ಯಾವುದು ಮೊದಲು ಮುಚ್ಚುತ್ತೆ ಅಂತ ನೋಡಿಕೊಳ್ಳಿ

ಪಾಲಿಟೆಕ್ನಿಕ್ ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ವಾರದಿಂದ ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಸರ್ಕಾರಿ ಕಂಪನಿಯಲ್ಲಿ ಅಪ್ರೆಂಟಿಸ್ ಸೇರಿಸೋಣವಾ, ಹೆಬ್ಬಾಳ–ಹೂಟಗಳ್ಳಿ ಕಡೆ ಫ್ಯಾಕ್ಟರಿಗೆ ಕಳಿಸೋಣವಾ, ಇಲ್ಲಾ ಇನ್ನೂ ಮೂರು ವರ್ಷ ಬಿ.ಇ. ಓದಿಸೋಣವಾ? ಇಪ್ಪತ್ತಕ್ಕೂ ಹೆಚ್ಚು ವರ್ಷ ಡಿಪ್ಲೊಮಾ ಮಕ್ಕಳಿಗೆ ಮೆಕ್ಯಾನಿಕಲ್ ಪಾಠ ಮಾಡಿದ್ದೇನೆ, ಹಾಗಾಗಿ ಈ ಪ್ರಶ್ನೆ ಪ್ರತಿವರ್ಷ ನನ್ನ ಬಾಗಿಲಿಗೂ ಬರುತ್ತದೆ. ಕೇಳುವವರೆಲ್ಲ ‘ಮೂರರಲ್ಲಿ ಯಾವುದು ಒಳ್ಳೇದು ಸಾರ್’ ಅಂತಲೇ ಕೇಳುತ್ತಾರೆ. ಕೇಳಬೇಕಾದ್ದು ಬೇರೆ. ಯಾವುದನ್ನು ಮೊದಲು ಮಾಡಿದರೆ ಉಳಿದ ಎರಡು ಕೈಯಲ್ಲಿ ಉಳಿಯುತ್ತವೆ, ಯಾವುದನ್ನು ಮೊದಲು ಮಾಡಿದರೆ ಉಳಿದದ್ದು ಕೈತಪ್ಪುತ್ತದೆ? ಈ ಲೇಖನದಲ್ಲಿ ಅದನ್ನೇ ಬಿಡಿಸಿ ಹೇಳುತ್ತೇನೆ.

ಅಪ್ರೆಂಟಿಸ್ ಅಂದ್ರೆ ನೌಕರಿಯಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ‘ನಮ್ ಹುಡುಗ ಎಚ್‌ಎಎಲ್‌ನಲ್ಲಿ ಸೇರ್ಕೊಂಡ’ ಅಂತ ಊರಲ್ಲಿ ಸಿಹಿ ಹಂಚುತ್ತಾರೆ. ಆತ ಸೇರಿರುವುದು ಒಂದು ವರ್ಷದ ತರಬೇತಿಗೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ನೇರವಾಗಿ ಹೇಳುತ್ತದೆ: ಅಪ್ರೆಂಟಿಸ್ ಒಬ್ಬ ತರಬೇತಿದಾರ, ಕಾರ್ಮಿಕನಲ್ಲ. ಆದ್ದರಿಂದ ಅವನಿಗೆ ಭವಿಷ್ಯನಿಧಿ ಇಲ್ಲ, ಇಎಸ್‌ಐ ಇಲ್ಲ, ಬೋನಸ್ ಇಲ್ಲ. ಕೆಲಸದ ಜಾಗದಲ್ಲಿ ಗಾಯವಾದರೆ ಪರಿಹಾರ, ಕಾರ್ಖಾನೆಯ ಆರೋಗ್ಯ–ಸುರಕ್ಷತೆಯ ನಿಯಮಗಳು ಮಾತ್ರ ಅವನಿಗೂ ಅನ್ವಯಿಸುತ್ತವೆ.

ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಕಾಯ್ದೆ ಹೇಳುವುದಿಲ್ಲ. 2014ರ ತಿದ್ದುಪಡಿಯ ನಂತರ, ತನ್ನಲ್ಲಿ ತರಬೇತಿ ಪಡೆದವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿಯೊಂದು ಸಂಸ್ಥೆಯೂ ತನ್ನದೇ ನೀತಿ ರೂಪಿಸಿಕೊಳ್ಳಬೇಕು ಅಂತ ಮಾತ್ರ ಇದೆ. ಕೆಲಸ ಕೊಡುತ್ತೇವೆ ಎಂಬ ಷರತ್ತು ಒಪ್ಪಂದದಲ್ಲೇ ಬರೆದಿದ್ದರೆ ಆ ಮಾತು ಬೇರೆ. ಸಾರ್ವಜನಿಕ ಉದ್ಯಮಗಳ ಒಪ್ಪಂದದಲ್ಲಿ ನಾನು ಅಂಥ ಸಾಲು ನೋಡಿಲ್ಲ.

ಹಾಗಾದ್ರೆ ಆ ಒಂದು ವರ್ಷದಿಂದ ಏನು ಸಿಗುತ್ತದೆ? ಎರಡು ವಿಷಯ. ಒಂದು, ತರಬೇತಿ ಮುಗಿದಾಗ ಕೇಂದ್ರ ಸರ್ಕಾರದ ಪರವಾಗಿ ಚೆನ್ನೈನ ದಕ್ಷಿಣ ವಲಯ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ ಕೊಡುವ ಪ್ರಮಾಣಪತ್ರ. ನಮ್ಮ ಹುಡುಗರು ‘ಬೋಟ್’ ಅಂತ ಕರೆಯುವುದು ಈ ಮಂಡಳಿಯನ್ನೇ. ಎರಡು, ಉತ್ತರ ಪ್ರದೇಶದ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಲ. ಬೇರೆಲ್ಲ ಅರ್ಹತೆ ಸಮನಾಗಿದ್ದರೆ ಹೊರಗಿನವರಿಗಿಂತ ತರಬೇತಿ ಪಡೆದವರಿಗೆ ಆದ್ಯತೆ ಕೊಡಬೇಕು, ತರಬೇತಿಯ ಅವಧಿಯಷ್ಟು ವಯೋಮಿತಿಯಲ್ಲಿ ಸಡಿಲಿಕೆ ಕೊಡಬೇಕು ಅಂತ ಆ ತೀರ್ಪು ಹೇಳಿತು. ‘ಬೇರೆಲ್ಲ ಸಮನಾಗಿದ್ದರೆ’ ಅನ್ನುವ ಮಾತನ್ನು ಗಮನಿಸಿ. ನೇಮಕಾತಿ ಪರೀಕ್ಷೆಯಲ್ಲಿ ಹತ್ತು ಅಂಕ ಕಡಿಮೆ ಬಂದರೆ ಪ್ರಮಾಣಪತ್ರ ಅದನ್ನು ತುಂಬಿಕೊಡುವುದಿಲ್ಲ. ಅಂಚಿನಲ್ಲಿ ನಿಂತಾಗ ಒಂದು ಹೆಜ್ಜೆ ಮುಂದಕ್ಕೆ ತಳ್ಳುತ್ತದೆ, ಅಷ್ಟೇ.

ಸಂಬಳದ ಜಾಗದಲ್ಲಿ ಬರುವುದು ಸ್ಟೈಪೆಂಡ್. 2019ರ ನಿಯಮ ಡಿಪ್ಲೊಮಾ ಆದವರಿಗೆ ತಿಂಗಳಿಗೆ ಕನಿಷ್ಠ 8,000 ರೂಪಾಯಿ, ಪದವೀಧರರಿಗೆ 9,000 ಅಂತ ನಿಗದಿ ಮಾಡಿತ್ತು. ಇದರಲ್ಲಿ ಕನಿಷ್ಠ ಮೊತ್ತದ ಅರ್ಧ ಪಾಲು ಕೇಂದ್ರ ಸರ್ಕಾರದ್ದು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಸ್ಟೈಪೆಂಡನ್ನು ಶೇ 36ರಷ್ಟು ಏರಿಸಲು ಶಿಫಾರಸು ಮಾಡಿತು. ಕೆಲವು ಸಂಸ್ಥೆಗಳು ಕನಿಷ್ಠಕ್ಕಿಂತ ಹೆಚ್ಚೇ ಕೊಡುತ್ತವೆ. ಆದ್ದರಿಂದ ನೀವು ಅರ್ಜಿ ಹಾಕುವ ಜಾಹೀರಾತಿನಲ್ಲಿ ಎಷ್ಟು ಬರೆದಿದೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಯಾರೂ ಹೇಳದ ಹನ್ನೆರಡು ತಿಂಗಳ ನಿಯಮ

ಇನ್ನು ಅಸಲಿ ವಿಷಯಕ್ಕೆ ಬರುತ್ತೇನೆ. ಅಪ್ರೆಂಟಿಸ್ ನಿಯಮಗಳಲ್ಲಿ ಒಂದು ಸಣ್ಣ ಷರತ್ತಿದೆ. ಡಿಪ್ಲೊಮಾ ಅಥವಾ ಪದವಿ ಮುಗಿದ ಮೇಲೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಿದವರು, ಇಲ್ಲವೇ ತರಬೇತಿ ಪಡೆದವರು, ಅಪ್ರೆಂಟಿಸ್ ಆಗಿ ಸೇರಲು ಅರ್ಹರಲ್ಲ. ಜಾಹೀರಾತಿನ ಮೂರನೆಯದೋ ನಾಲ್ಕನೆಯದೋ ಪುಟದಲ್ಲಿ ಇದು ಒಂದು ಸಾಲಾಗಿ ಇರುತ್ತದೆ. ಯಾರೂ ಓದುವುದಿಲ್ಲ.

ಇದರ ಜೊತೆ ಇನ್ನೂ ಮೂರು ಗಡಿಗಳಿವೆ. ಡಿಪ್ಲೊಮಾ ಪಾಸಾಗಿ ಐದು ವರ್ಷದ ಒಳಗಿರಬೇಕು. ಅನೇಕ ಸಂಸ್ಥೆಗಳು ಇದನ್ನು ಮೂರು ವರ್ಷಕ್ಕೇ ಇಳಿಸುತ್ತವೆ. ಒಮ್ಮೆ ಅಪ್ರೆಂಟಿಸ್ ಮುಗಿಸಿದವರನ್ನು ಇನ್ನೊಂದು ಕಡೆ ಮತ್ತೆ ತೆಗೆದುಕೊಳ್ಳುವುದಿಲ್ಲ. ಬಿ.ಇ. ಓದುತ್ತಿರುವವರು ಅಥವಾ ಮುಗಿಸಿದವರು ಡಿಪ್ಲೊಮಾ ಅಪ್ರೆಂಟಿಸ್‌ಗೆ ಅರ್ಜಿ ಹಾಕುವಂತಿಲ್ಲ ಅಂತ ಬಹಳಷ್ಟು ಜಾಹೀರಾತುಗಳು ಬರೆದಿರುತ್ತವೆ.

ಈಗ ಮೂರು ಬಾಗಿಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲು ಫ್ಯಾಕ್ಟರಿಗೆ ಸೇರಿ ಒಂದು ವರ್ಷ ದಾಟಿದರೆ ಅಪ್ರೆಂಟಿಸ್ ಬಾಗಿಲು ಮುಚ್ಚಿತು. ಮೊದಲು ಬಿ.ಇ. ಸೇರಿದರೆ ಡಿಪ್ಲೊಮಾ ಅಪ್ರೆಂಟಿಸ್ ಬಾಗಿಲು ಮುಚ್ಚಿತು. ಪದವಿ ಮುಗಿದ ಮೇಲೆ ಪದವೀಧರ ಅಪ್ರೆಂಟಿಸ್ ಅನ್ನುವ ಬೇರೆ ಬಾಗಿಲು ತೆರೆಯುತ್ತದೆ, ಅದು ಬೇರೆ ಸಾಲು. ಆದರೆ ಮೊದಲು ಅಪ್ರೆಂಟಿಸ್ ಮುಗಿಸಿದರೆ? ಫ್ಯಾಕ್ಟರಿ ಅಲ್ಲೇ ಇರುತ್ತದೆ. ಡಿ-ಸಿಇಟಿ ಮುಂದಿನ ವರ್ಷವೂ ಇರುತ್ತದೆ. ಅಂದರೆ ಮೂರರಲ್ಲಿ ಗಡಿಯಾರ ಓಡುತ್ತಿರುವುದು ಅಪ್ರೆಂಟಿಸ್‌ಶಿಪ್‌ಗೆ ಮಾತ್ರ.

ಈ ನಿಯಮ ಹೇಗೆ ಕಚ್ಚುತ್ತದೆ ಅಂತ ಒಂದು ಉದಾಹರಣೆ ಹೇಳ್ತೀನಿ. ಹುಣಸೂರು ಕಡೆಯ ಒಬ್ಬ ಹುಡುಗ, ಎಲೆಕ್ಟ್ರಿಕಲ್, ಒಳ್ಳೆಯ ಅಂಕ. ‘ಸದ್ಯಕ್ಕೆ ಮನೇಲ್ ಸುಮ್ನೆ ಕೂರದ್ಯಾಕೆ’ ಅಂತ ಮೈಸೂರಿನ ಒಂದು ಖಾಸಗಿ ಕಂಪನಿಗೆ ಸೇರಿದ. ಹದಿನಾಲ್ಕು ತಿಂಗಳಾದ ಮೇಲೆ ಒಂದು ಸಾರ್ವಜನಿಕ ಉದ್ಯಮದ ಅಪ್ರೆಂಟಿಸ್ ಪಟ್ಟಿಯಲ್ಲಿ ಹೆಸರು ಬಂತು. ದಾಖಲೆ ಪರಿಶೀಲನೆಯ ದಿನ ‘ಒಂದು ವರ್ಷಕ್ಕಿಂತ ಹೆಚ್ಚು ಕೆಲಸದ ಅನುಭವ ಇಲ್ಲ’ ಎಂಬ ಮುಚ್ಚಳಿಕೆಗೆ ಸಹಿ ಕೇಳಿದರು. ಅವನು ಸುಳ್ಳು ಬರೆಯಲಿಲ್ಲ, ವಾಪಸ್ ಬಂದ. ಬರೆದಿದ್ದರೂ ಉಳಿಯುತ್ತಿರಲಿಲ್ಲ. ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರುತ್ತದೆ, ಯಾವ ತಾರೀಖಿಗೆ ಎಲ್ಲಿ ಸೇರಿದ್ದ ಅನ್ನುವುದು ಅದರಲ್ಲೇ ಇರುತ್ತದೆ.

ಇದರ ಅರ್ಥ ಫ್ಯಾಕ್ಟರಿಗೆ ಹೋಗಬಾರದು ಅಂತ ಅಲ್ಲ. ಅಪ್ರೆಂಟಿಸ್ ಆಸೆ ಇದ್ದರೆ, ಫ್ಯಾಕ್ಟರಿ ಸೇರಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹನ್ನೆರಡು ತಿಂಗಳು ತುಂಬುವ ಮೊದಲು ತೀರ್ಮಾನ ಆಗಬೇಕು.

ಅರ್ಜಿ ಹಾಕುವ ದಾರಿ, ಎಡವುವ ಜಾಗ

ಡಿಪ್ಲೊಮಾ ಅಪ್ರೆಂಟಿಸ್‌ಗೆ ಮೊದಲ ಕೆಲಸ ನ್ಯಾಟ್ಸ್ ಪೋರ್ಟಲ್‌ನಲ್ಲಿ (nats.education.gov.in) ಹೆಸರು ನೋಂದಾಯಿಸಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆಯುವುದು. ಆಮೇಲೆ ಅದೇ ಪೋರ್ಟಲ್‌ನಲ್ಲೋ ಸಂಸ್ಥೆಯ ವೆಬ್‌ಸೈಟ್‌ನಲ್ಲೋ ಬರುವ ಜಾಹೀರಾತಿಗೆ ಅರ್ಜಿ. ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್‌ನಂಥ ದೊಡ್ಡ ಸಂಸ್ಥೆಗಳಿವೆ. ನಮಗೆ ಹತ್ತಿರ ಅಂದ್ರೆ ಬೆಳವಾಡಿ ಬಳಿಯ ಬಿಇಎಂಎಲ್, ಮೈಸೂರಿನಲ್ಲೇ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಕೆಎಸ್‌ಆರ್‌ಟಿಸಿ. ಆಯ್ಕೆ ಬಹುತೇಕ ಡಿಪ್ಲೊಮಾ ಅಂಕಗಳ ಮೇಲೆ. ಹೀಗಾಗಿ ಶೇ 80 ದಾಟಿದವರಿಗೆ ದಾರಿ ಸಲೀಸು, ಶೇ 60ರ ಆಸುಪಾಸಿನವರು ಅದೊಂದನ್ನೇ ನಂಬಿ ಕೂರಬಾರದು.

ಎಡವುವುದು ಎರಡು ಕಡೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಇನಿಶಿಯಲ್ ವ್ಯತ್ಯಾಸ ಇರುತ್ತದೆ. ಅಂಕಪಟ್ಟಿ ತಿದ್ದಿಸುವುದು ಕಷ್ಟ, ಆಧಾರ್ ತಿದ್ದಿಸುವುದು ಸುಲಭ. ಅದನ್ನು ಈಗಲೇ ಮಾಡಿಕೊಳ್ಳಿ. ಇನ್ನೊಂದು ಬ್ಯಾಂಕ್ ಖಾತೆ. ಸರ್ಕಾರದ ಪಾಲು ನೇರ ನಗದು ವರ್ಗಾವಣೆಯಲ್ಲಿ ಬರುವುದರಿಂದ ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು. ‘ಆಧಾರ್ ಕೊಟ್ಟಿದೀನಿ’ ಅನ್ನುವುದು ಬೇರೆ, ಸೀಡಿಂಗ್ ಬೇರೆ. ಎರಡು ಮೂರು ಖಾತೆ ಇದ್ದವರಿಗೆ ಹಣ ಅಪ್ಪ ಯಾವಾಗಲೋ ಮಾಡಿಸಿಕೊಟ್ಟ ಹಳೆಯ ಖಾತೆಗೆ ಹೋಗಿ ಕೂತಿರುತ್ತದೆ.

ಹಾಗೇ ‘ಅಪ್ರೆಂಟಿಸ್’ ಅಂತ ಬರೆದ ಪತ್ರವೆಲ್ಲ ಕಾಯ್ದೆಯ ಅಪ್ರೆಂಟಿಸ್ ಅಲ್ಲ. ಗುರುತಿಸುವುದು ಸುಲಭ. ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು, ನಿಮ್ಮ ಲಾಗಿನ್‌ನಲ್ಲಿ ಅದು ಕಾಣಬೇಕು. ಕಾಣದಿದ್ದರೆ ಕೊನೆಗೆ ಬೋಟ್ ಪ್ರಮಾಣಪತ್ರ ಬರುವುದಿಲ್ಲ. ಸೀಟು ಕೊಡಿಸ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಅದು ಮೋಸವೇ. ಅಂಕದ ಮೇಲೆ ನಡೆಯುವ ಆಯ್ಕೆಯಲ್ಲಿ ಮಾರಲು ಏನೂ ಇಲ್ಲ.

ಫ್ಯಾಕ್ಟರಿ ಪತ್ರದ ಮೇಲೆ ಯಾರ ಹೆಸರಿದೆ?

ನಮ್ಮ ನಾಲ್ಕು ತಾಲೂಕುಗಳಲ್ಲಿ ದೊಡ್ಡ ಕಾರ್ಖಾನೆ ಕಡಿಮೆ. ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆಯೇ ಹಲವು ವರ್ಷ ನಿಂತಿತ್ತು. ಹುಣಸೂರು, ಪಿರಿಯಾಪಟ್ಟಣದ ದುಡ್ಡು ತಂಬಾಕಿನ ಹರಾಜು ಕಟ್ಟೆಯಲ್ಲಿ ಓಡಾಡುತ್ತದೆ, ಅಲ್ಲಿ ಡಿಪ್ಲೊಮಾದವರಿಗೆ ಕೆಲಸವಿಲ್ಲ. ಆದ್ದರಿಂದ ಖಾಸಗಿ ಕೆಲಸ ಅಂದ್ರೆ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಬೆಳಗೊಳ, ಇಲ್ಲಾ ಕಡಕೊಳ, ನಂಜನಗೂಡು. ಟೈರ್, ಆಕ್ಸಲ್, ದ್ವಿಚಕ್ರ ವಾಹನ, ಎಲೆಕ್ಟ್ರಾನಿಕ್ಸ್ ಬೋರ್ಡ್, ಪೇಂಟ್, ಆಹಾರ ಪದಾರ್ಥ, ಎಲ್ಲವೂ ಈ ಪಟ್ಟಿಯಲ್ಲಿ ತಯಾರಾಗುತ್ತವೆ.

ಇಲ್ಲಿ ನೋಡಬೇಕಾದ್ದು ಕಂಪನಿಯ ಬೋರ್ಡು ಎಷ್ಟು ದೊಡ್ಡದು ಅಂತಲ್ಲ. ಪತ್ರ ಕೊಟ್ಟವರು ಯಾರು ಅಂತ ನೋಡಬೇಕು. ಕಂಪನಿಯ ಲೆಟರ್‌ಹೆಡ್‌ನಲ್ಲಿ ‘ಡಿಪ್ಲೊಮಾ ಟ್ರೈನಿ’ ಅಂತ ಬಂದರೆ, ತರಬೇತಿ ಅವಧಿ ಎಷ್ಟು, ಆಮೇಲೆ ಕಾಯಂ ಮಾಡುವ ಬಗ್ಗೆ ಏನು ಬರೆದಿದೆ ಅಂತ ಓದಿ. ಮ್ಯಾನ್‌ಪವರ್ ಏಜೆನ್ಸಿಯ ಲೆಟರ್‌ಹೆಡ್ ಆದರೆ ನೀವು ಆ ಏಜೆನ್ಸಿಯ ನೌಕರ. ದೊಡ್ಡ ಕಂಪನಿಯ ಒಳಗೆ, ಅದರದೇ ಯೂನಿಫಾರಂ ಹಾಕಿ, ಅದರದೇ ಮಷೀನಿನ ಮುಂದೆ ನಿಂತರೂ ನಿಮ್ಮ ಅನುಭವ ಪತ್ರ ಬರುವುದು ಏಜೆನ್ಸಿಯಿಂದ. ಮೂರು ವರ್ಷವಾದ ಮೇಲೆ ಬೇರೆ ಕಡೆ ಸಂದರ್ಶನಕ್ಕೆ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ.

ಎರಡನೆಯದು ಕೆಲಸದ ಬಗೆ. ಅಸೆಂಬ್ಲಿ ಲೈನಿನಲ್ಲಿ ಒಂದೇ ಬೋಲ್ಟ್ ಬಿಗಿಯುವ ಕೆಲಸಕ್ಕೂ ಮೇಂಟೆನೆನ್ಸ್, ಕ್ವಾಲಿಟಿ, ಟೂಲ್ ರೂಂ, ಸಿಎನ್‌ಸಿ ಪ್ರೋಗ್ರಾಮಿಂಗ್ ಕೆಲಸಕ್ಕೂ ಮೊದಲ ತಿಂಗಳ ಸಂಬಳ ಒಂದೇ ಇರಬಹುದು. ಮೂರನೆಯ ವರ್ಷಕ್ಕೆ ಒಂದೇ ಇರುವುದಿಲ್ಲ. ಮೇಂಟೆನೆನ್ಸ್‌ನಲ್ಲಿ ಮೂರು ವರ್ಷ ಕಳೆದವನಿಗೆ ಪಿಎಲ್‌ಸಿ ಗೊತ್ತಿರುತ್ತದೆ, ಹೈಡ್ರಾಲಿಕ್ಸ್ ಗೊತ್ತಿರುತ್ತದೆ, ಪಕ್ಕದ ಕಂಪನಿಯವರು ಕರೆಯುತ್ತಾರೆ. ಲೈನಿನಲ್ಲಿ ನಿಂತವನ ಜಾಗಕ್ಕೆ ಹೊಸಬ ಬರುತ್ತಾನೆ. ಆದ್ದರಿಂದ ಸಂದರ್ಶನದಲ್ಲಿ ‘ಯಾವ ಡಿಪಾರ್ಟ್‌ಮೆಂಟ್ ಸಾರ್’ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಸಂಬಳ ಕೇಳುವುದಕ್ಕಿಂತ ಮೊದಲು ಅದನ್ನೇ ಕೇಳಿ.

ಬಿ.ಇ. ಯಾರಿಗೆ ಬೇಕು?

ಡಿಪ್ಲೊಮಾ ಆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿ-ಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ಸೇರುತ್ತಾರೆ. ಇದಕ್ಕೆ ‘ಲ್ಯಾಟರಲ್ ಎಂಟ್ರಿ’ ಅನ್ನುತ್ತಾರೆ. ಮೂರು ವರ್ಷದಲ್ಲಿ ಪದವಿ. ಕೇಳುವುದಕ್ಕೆ ಸುಲಭ. ಆದರೆ ಪಿಯುಸಿ ಮಾಡಿ ಬಂದವರು ಅಷ್ಟರಲ್ಲಿ ಎರಡು ಸೆಮಿಸ್ಟರ್ ಎಂಜಿನಿಯರಿಂಗ್ ಗಣಿತ ಮುಗಿಸಿರುತ್ತಾರೆ. ನಮ್ಮವರು ಆ ಅಡಿಪಾಯ ಇಲ್ಲದೆ ಮುಂದಿನ ಗಣಿತಕ್ಕೆ ಹೋಗಿ ಕೂರುತ್ತಾರೆ. ವಿಟಿಯು ಇವರಿಗೆಂದೇ ಹೆಚ್ಚುವರಿ ಗಣಿತ ಪತ್ರಿಕೆಗಳನ್ನು ಇಟ್ಟಿದ್ದೂ ಇದೇ ಕಾರಣಕ್ಕೆ. ವರ್ಕ್‌ಶಾಪ್‌ನಲ್ಲಿ, ಲ್ಯಾಬ್‌ನಲ್ಲಿ ಡಿಪ್ಲೊಮಾ ಮಕ್ಕಳು ಮುಂದಿರುತ್ತಾರೆ; ಮೊದಲ ವರ್ಷ ಬಾಕಿ ಉಳಿಯುವುದು ಗಣಿತವೇ. ಸೇರುವ ಮುನ್ನ ಎರಡು ತಿಂಗಳು ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ತಿದ್ದಿಕೊಂಡು ಹೋದವರು ಇದನ್ನು ದಾಟುತ್ತಾರೆ.

ಸರ್ಕಾರಿ ಕೆಲಸಕ್ಕೆ ಬಿ.ಇ. ಬೇಕೇ ಬೇಕು ಅನ್ನುವ ನಂಬಿಕೆ ಊರಲ್ಲಿ ಗಟ್ಟಿಯಾಗಿದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಕೆಪಿಟಿಸಿಎಲ್ 2022ರಲ್ಲಿ ಕರೆದ 1,492 ಹುದ್ದೆಗಳಲ್ಲಿ ಪದವಿ ಕೇಳಿದ ಸಹಾಯಕ ಎಂಜಿನಿಯರ್ ಹುದ್ದೆ 533. ಡಿಪ್ಲೊಮಾ ಕೇಳಿದ ಕಿರಿಯ ಎಂಜಿನಿಯರ್ ಹುದ್ದೆ 599. ರೈಲ್ವೆಯ ಕಿರಿಯ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಸಾಕು, ಮೂಲ ವೇತನ 35,400 ರೂಪಾಯಿ. ಸಹಾಯಕ ಲೋಕೋ ಪೈಲಟ್‌ಗೂ ಡಿಪ್ಲೊಮಾ ನಡೆಯುತ್ತದೆ. ಬಿಇಎಲ್ ‘ಎಂಜಿನಿಯರಿಂಗ್ ಅಸಿಸ್ಟೆಂಟ್ ಟ್ರೈನಿ’ ಅಂತ ಡಿಪ್ಲೊಮಾದವರಿಗೇ ಬೇರೆ ಹುದ್ದೆ ಕರೆಯುತ್ತದೆ. ಹೌದು, ರೈಲ್ವೆಯಂಥ ಕಡೆ ಬಿ.ಇ. ಮಾಡಿದವರೂ ಇದೇ ಪರೀಕ್ಷೆ ಬರೆಯುತ್ತಾರೆ, ಸ್ಪರ್ಧೆ ಗಟ್ಟಿ. ಆದರೆ ಅರ್ಜಿ ಹಾಕುವುದಕ್ಕೇ ಅರ್ಹತೆ ಇಲ್ಲ ಅನ್ನುವ ಮಾತು ಸುಳ್ಳು.

ಹಾಗಾದ್ರೆ ಬಿ.ಇ. ಯಾರಿಗೆ? ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಓದಿ ಸಾಫ್ಟ್‌ವೇರ್ ಅಥವಾ ವಿನ್ಯಾಸದ ಕೆಲಸಕ್ಕೆ ಹೋಗಬೇಕು ಅನ್ನುವವರಿಗೆ ಪದವಿ ಬಹುತೇಕ ಅನಿವಾರ್ಯ. ಆ ಕಂಪನಿಗಳ ಅರ್ಜಿಯಲ್ಲೇ ಅದನ್ನು ಕೇಳುತ್ತಾರೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಿವಿಲ್‌ನವರಿಗೆ ಅದು ಕಾಯಬಹುದಾದ ತೀರ್ಮಾನ.

ಒಂದು ಮನೆಯ ಲೆಕ್ಕ

ಮಾತು ಸಾಕು, ಲೆಕ್ಕ ನೋಡೋಣ. ಮಿರ್ಲೆ ಕಡೆಯ ಒಂದು ಕುಟುಂಬ. ನಾಲೆ ನೀರಿನ ಎರಡು ಎಕರೆ ಭತ್ತದ ಗದ್ದೆ, ಮೆಕ್ಯಾನಿಕಲ್ ಡಿಪ್ಲೊಮಾ ಶೇ 78ರಲ್ಲಿ ಪಾಸಾದ ಮಗ, ಪಿಯುಸಿ ಓದುತ್ತಿರುವ ಮಗಳು. ಅಪ್ಪ ಬಂದು ಕೂತು, ‘ಮೇಷ್ಟ್ರೇ, ಇವ್ನು ಓದ್ತೀನಿ ಅಂತಾನೆ. ನಂಗೆ ಓದ್ಸಕ್ಕೆ ಮನ್ಸಿಲ್ಲ ಅಂತಲ್ಲ. ಲೆಕ್ಕ ಗೊತ್ತಾಗ್ತಿಲ್ಲ’ ಅಂದರು. ಕೈಯಲ್ಲಿ ಮೂರು ದಾರಿಯೂ ಇದ್ದವು. ಹೀಗೆ ಬರೆದೆವು.

ಫ್ಯಾಕ್ಟರಿ: ಕಂಪನಿಯ ಪತ್ರದಲ್ಲಿ ತಿಂಗಳಿಗೆ 16,500. ಭವಿಷ್ಯನಿಧಿಗೆ 15,000ದ ಶೇ 12, ಅಂದರೆ 1,800. ಇಎಸ್‌ಐ ಶೇ 0.75, ಅಂದರೆ 124. ಕ್ಯಾಂಟೀನು, ಕಂಪನಿ ಬಸ್ಸು ಸೇರಿ 900. ಕೈಗೆ ಉಳಿಯುವುದು 13,676. ವರ್ಷಕ್ಕೆ ಸುಮಾರು 1,64,000. ಭವಿಷ್ಯನಿಧಿಗೆ ಕಂಪನಿಯ ಪಾಲೂ ಸೇರುವುದು ಇದರ ಮೇಲಿನ ಲಾಭ.

ಮೈಸೂರಿನಲ್ಲಿ ಅಪ್ರೆಂಟಿಸ್: 8,000. ಕೆ.ಆರ್. ನಗರದಿಂದ ರೈಲಿನ ಸೀಸನ್ ಪಾಸು, ಎರಡೂ ಕಡೆಯ ಬಸ್ಸು, ಊಟ ಸೇರಿ 2,000. ಉಳಿಯುವುದು 6,000, ವರ್ಷಕ್ಕೆ 72,000. ಅಂದರೆ ಫ್ಯಾಕ್ಟರಿಗಿಂತ 92,000 ಕಡಿಮೆ. ಅಪ್ರೆಂಟಿಸ್ ವರ್ಷದ ನಿಜವಾದ ಬೆಲೆ ಈ 92,000. ಅದೇ ಅಪ್ರೆಂಟಿಸ್ ಬೆಂಗಳೂರಿನಲ್ಲಾದರೆ ಪಿಜಿ ಬಾಡಿಗೆಗೇ 6,500 ಹೋಗುತ್ತದೆ, ಓಡಾಟಕ್ಕೆ ಮನೆಯಿಂದಲೇ ಕಳಿಸಬೇಕು. ಆಗ ಬೆಲೆ 1,64,000ಕ್ಕಿಂತಲೂ ಮೇಲೆ. ಊರು ಬದಲಾದರೆ ಉತ್ತರವೂ ಬದಲಾಗುತ್ತದೆ.

ಬಿ.ಇ.: ಅವರು ವಿಚಾರಿಸಿದ ಕಾಲೇಜಿನಲ್ಲಿ ಶುಲ್ಕ, ಪುಸ್ತಕ, ಓಡಾಟ ಎಲ್ಲ ಸೇರಿ ವರ್ಷಕ್ಕೆ ಸುಮಾರು ಒಂದು ಲಕ್ಷ, ಮೂರು ವರ್ಷಕ್ಕೆ ಮೂರು ಲಕ್ಷ. ಅಪ್ಪ ಲೆಕ್ಕ ಹಾಕಿದ್ದು ಇಷ್ಟೇ. ಆದರೆ ಆ ಮೂರು ವರ್ಷ ಮಗ ದುಡಿಯುವುದಿಲ್ಲ. ಬಿಟ್ಟುಹೋದ ದುಡಿಮೆ 4,92,000. ಒಟ್ಟು ಸುಮಾರು 7,92,000.

ಇದು ಯಾವಾಗ ವಾಪಸ್ ಬರುತ್ತದೆ? ಮೂರು ವರ್ಷದ ಹೊತ್ತಿಗೆ ಫ್ಯಾಕ್ಟರಿಯವನ ಸಂಬಳ 20,000 ಆಗಿದೆ ಅಂದುಕೊಳ್ಳಿ. ಬಿ.ಇ. ಮುಗಿಸಿ 25,000ದ ಕೆಲಸ ಸಿಕ್ಕರೆ ವರ್ಷಕ್ಕೆ ವ್ಯತ್ಯಾಸ 60,000. ಹಾಕಿದ್ದು ಬರಲು ಹದಿಮೂರು ವರ್ಷ. 35,000ದ ಕೆಲಸ ಸಿಕ್ಕರೆ ವ್ಯತ್ಯಾಸ 1,80,000; ನಾಲ್ಕೂವರೆ ವರ್ಷ ಸಾಕು. ಆದ್ದರಿಂದ ‘ಬಿ.ಇ. ಒಳ್ಳೇದಾ’ ಅನ್ನುವ ಪ್ರಶ್ನೆಗೆ ಉತ್ತರ ಯಾವ ಕಾಲೇಜು, ಯಾವ ಬ್ರಾಂಚು ಅನ್ನುವುದರಲ್ಲಿದೆ. ಆ ಕಾಲೇಜಿನಲ್ಲಿ ಕಳೆದ ವರ್ಷ ಅದೇ ಬ್ರಾಂಚಿನ ಎಷ್ಟು ಮಕ್ಕಳಿಗೆ ಎಷ್ಟು ಸಂಬಳದ ಕೆಲಸ ಸಿಕ್ಕಿತು ಅಂತ ಕೊನೆಯ ವರ್ಷದ ಹುಡುಗರನ್ನು ಕೇಳಿ. ಗೇಟಿನ ಮೇಲಿನ ಫ್ಲೆಕ್ಸ್ ನೋಡಬೇಡಿ. ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ ಸಿಗುವ ವರ್ಗದವರಿಗೆ ಮೂರು ಲಕ್ಷದ ಭಾಗ ಇಳಿಯುತ್ತದೆ. ಬಿಟ್ಟುಹೋದ ದುಡಿಮೆಯ ಭಾಗ ಮಾತ್ರ ಎಲ್ಲರಿಗೂ ಒಂದೇ.

ಆ ಹುಡುಗ ಮೈಸೂರಿನ ಅಪ್ರೆಂಟಿಸ್ ಆರಿಸಿದ. ಕಾರಣ ಸರಳ: ಮನೆಯಲ್ಲಿ ಕಂತು ಕಟ್ಟುವ ಸಾಲ ಇರಲಿಲ್ಲ, ಊರಿಂದಲೇ ಓಡಾಡಬಹುದಿತ್ತು, ಹಗಲು ಪಾಳಿ ಮಾತ್ರ ಇದ್ದದ್ದರಿಂದ ಸಂಜೆ ಕಿರಿಯ ಎಂಜಿನಿಯರ್ ಪರೀಕ್ಷೆಗೆ ಓದಬಹುದಿತ್ತು. 92,000 ಕೊಟ್ಟು ಅವನು ಕೊಂಡದ್ದು ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಆ ಸಂಜೆಗಳನ್ನು. ಓದುವ ಮನಸ್ಸು ಇಲ್ಲದಿದ್ದರೆ ಆ ದುಡ್ಡು ದಂಡ ಅಂತಲೂ ಅವನಿಗೆ ಹೇಳಿದ್ದೆ. ಅದೇ ವರ್ಷ ಸಾಲ ಇದ್ದ ಇನ್ನೊಂದು ಮನೆಯವರಿಗೆ ಫ್ಯಾಕ್ಟರಿಯೇ ಸರಿ ಅಂದೆ. ಅಲ್ಲಿ ತಿಂಗಳಿಗೆ ಏಳೂವರೆ ಸಾವಿರದ ವ್ಯತ್ಯಾಸ ಅಂದರೆ ಸಂಘದ ಕಂತು ಕಟ್ಟುವುದು, ತಪ್ಪಿಸುವುದು ಎರಡರ ನಡುವಿನ ವ್ಯತ್ಯಾಸ.

ಹೆಣ್ಣುಮಕ್ಕಳಿಗೆ, ಕೋಟೆಯವರಿಗೆ ಲೆಕ್ಕ ಬೇರೆ

ಈ ಲೆಕ್ಕ ಎಲ್ಲರಿಗೂ ಹಾಗೇ ಹೊಂದುವುದಿಲ್ಲ. ನಾಲ್ಕು ತಾಲೂಕುಗಳಲ್ಲಿ ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ. ಎಚ್.ಡಿ. ಕೋಟೆಯ ಒಳಹಳ್ಳಿಯಿಂದ ಬೆಳಗಿನ ಪಾಳಿಗೆ ಹೂಟಗಳ್ಳಿ ತಲುಪುವ ಬಸ್ಸು ಇಲ್ಲ. ಅವರಿಗೆ ಮೈಸೂರಿನಲ್ಲೇ ರೂಮು ಮಾಡಬೇಕು. ಹಾಗಾಗಿ 8,000ದ ಅಪ್ರೆಂಟಿಸ್ ಅವರಿಗೆ ಮೈಸೂರಿನಲ್ಲೂ ಬೆಂಗಳೂರಿನಷ್ಟೇ ಭಾರ. ಇಬ್ಬರು ಮೂವರು ಸೇರಿ ರೂಮು ಮಾಡುವ ಏರ್ಪಾಡು ಮೊದಲೇ ಆಗಿದ್ದರೆ ಮಾತ್ರ ಅದು ನಡೆಯುತ್ತದೆ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಲೆಕ್ಕ ಬದಲಿಸಿದೆ. ಓಡಾಟದ ಖರ್ಚು ಹೋದರೆ ಅಪ್ರೆಂಟಿಸ್‌ಗೂ ಫ್ಯಾಕ್ಟರಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಪಾಳಿಯ ಪ್ರಶ್ನೆಯೂ ಇದೆ. ರಾತ್ರಿ ಹತ್ತೂವರೆಗೆ ಪಾಳಿ ಬಿಡುವ ಕಡೆ ಕಂಪನಿ ಬಸ್ಸು ಊರ ತನಕ ಬರುತ್ತಾ, ಇಲ್ಲಾ ಮೈಸೂರಿನ ಒಳಗಷ್ಟೇ ಓಡಾಡುತ್ತಾ ಅಂತ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಲೇಬೇಕು. ಈ ಕಾರಣಕ್ಕೆ ಹಗಲು ಪಾಳಿಯ ಅಪ್ರೆಂಟಿಸ್ ಅನೇಕ ಹುಡುಗಿಯರಿಗೆ ಸಂಬಳದ ಲೆಕ್ಕ ಮೀರಿ ಹೊಂದುತ್ತದೆ.

ಯುವನಿಧಿ ಬಗ್ಗೆಯೂ ಒಂದು ಮಾತು. ಡಿಪ್ಲೊಮಾ ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 1,500 ರೂಪಾಯಿ ಬರುತ್ತದೆ. ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುವವರಿಗೆ, ಓದು ಮುಂದುವರಿಸಿದವರಿಗೆ ಅದು ಇಲ್ಲ. 1,500 ಹೋಗುತ್ತೆ ಅಂತ 8,000ದ ತರಬೇತಿ ಬಿಟ್ಟವರನ್ನೂ ನೋಡಿದ್ದೇನೆ. ಆ ಹಣ ಇರುವುದು ಕಾಯುವ ಕಾಲಕ್ಕೆ. ಅದನ್ನು ಉಳಿಸಿಕೊಳ್ಳಲು ಕಾಯುವುದರಲ್ಲಿ ಅರ್ಥವಿಲ್ಲ.

ಈ ವರ್ಷ ಪಾಸಾದವರು ಮಾಡಬೇಕಾದ್ದು

ಡಿ-ಸಿಇಟಿಯನ್ನು ಕೊನೆಯ ಸೆಮಿಸ್ಟರ್‌ನಲ್ಲಿದ್ದಾಗಲೇ ಬರೆಯಿರಿ. ಬರೆದ ಮಾತ್ರಕ್ಕೆ ಸೇರಲೇಬೇಕು ಅಂತೇನಿಲ್ಲ. ಯಾವ ಕಾಲೇಜು ಸಿಗುತ್ತದೆ ಅಂತ ತಿಳಿದರೆ ಮೇಲಿನ ಲೆಕ್ಕಕ್ಕೆ ಅಂಕಿ ಸಿಗುತ್ತದೆ. ಫಲಿತಾಂಶ ಬಂದ ವಾರವೇ ನ್ಯಾಟ್ಸ್‌ನಲ್ಲಿ ನೋಂದಾಯಿಸಿ. ಅಪ್ರೆಂಟಿಸ್ ಕರೆಯುವ ತನಕ ಮನೆಯಲ್ಲಿ ಕೂರಬೇಡಿ, ಫ್ಯಾಕ್ಟರಿಗೆ ಸೇರಿ, ಆದರೆ ಸೇರಿದ ತಾರೀಖು ಮರೆಯಬೇಡಿ. ಹತ್ತನೇ ತಿಂಗಳಿಗೆ ಮನೆಯವರ ಜೊತೆ ಕೂತು ಮತ್ತೆ ಇದೇ ಲೆಕ್ಕ ಬರೆಯಿರಿ. ಅಷ್ಟರಲ್ಲಿ ಮೇಂಟೆನೆನ್ಸ್‌ನಂಥ ಒಳ್ಳೆಯ ಡಿಪಾರ್ಟ್‌ಮೆಂಟು, ಕಂಪನಿಯದೇ ಪತ್ರ ಇದ್ದರೆ ಅಲ್ಲೇ ಮುಂದುವರಿಯುವುದೂ ಒಳ್ಳೆಯ ತೀರ್ಮಾನವೇ. ಏಜೆನ್ಸಿಯ ಪತ್ರ, ಲೈನಿನ ಕೆಲಸ ಅಂತಾದರೆ ಬಂದ ಅಪ್ರೆಂಟಿಸ್ ಕರೆಯನ್ನು ಬಿಡಬೇಡಿ. ಹನ್ನೆರಡನೇ ತಿಂಗಳು ದಾಟಿದ ಮೇಲೆ ಆ ಆಯ್ಕೆ ನಿಮ್ಮ ಕೈಯಲ್ಲಿ ಇರುವುದಿಲ್ಲ.